ಡೆಪ್ತ್ ಮ್ಯಾಪ್: ಪೋರ್ಟ್ರೇಟ್ ಫೋಟೋದ ಮಸುಕನ್ನು ನಿರ್ಧರಿಸುವ ಬೂದುಚಿತ್ರ

ಫೋನಿನ ಪೋರ್ಟ್ರೇಟ್ ಮೋಡ್‌ನಲ್ಲಿ ತೆಗೆದ ಫೋಟೋದಲ್ಲಿ ಮುಖ ಸ್ಪಷ್ಟವಾಗಿದ್ದು ಹಿನ್ನೆಲೆ ಮಾತ್ರ ಮಸುಕಾಗಿ ಕಾಣುವುದು ಬಹುಮಟ್ಟಿಗೆ ಲೆನ್ಸಿನ ಕೆಲಸವಲ್ಲ. ಫೋನಿನ ಪುಟ್ಟ ಲೆನ್ಸು ಹತ್ತಿರದ್ದನ್ನೂ ದೂರದ್ದನ್ನೂ ಹೆಚ್ಚುಕಡಿಮೆ ಒಂದೇ ಸ್ಪಷ್ಟತೆಯಲ್ಲಿ ಹಿಡಿಯುತ್ತದೆ. ಮಸುಕನ್ನು ಸೇರಿಸುವುದು ಆಮೇಲೆ ನಡೆಯುವ ಲೆಕ್ಕಾಚಾರ. ಆ ಲೆಕ್ಕಕ್ಕೆ ಆಧಾರವಾಗಿ, ಚಿತ್ರದ ಯಾವ ಭಾಗ ಎಷ್ಟು ದೂರದಲ್ಲಿದೆ ಎಂಬುದನ್ನು ಬಿಳಿಯಿಂದ ಕಪ್ಪಿನವರೆಗಿನ ಛಾಯೆಗಳಲ್ಲಿ ತೋರಿಸುವ ಇನ್ನೊಂದು ಚಿತ್ರವನ್ನು ಡೆಪ್ತ್ ಮ್ಯಾಪ್ ಎನ್ನುತ್ತಾರೆ. ಹಲವು ಫೋನುಗಳು ಇದನ್ನು ಮೂಲ ಫೋಟೋದ ಕಡತದೊಳಗೇ ಅಡಗಿಸಿಡುತ್ತವೆ. 2018ರ ಐಫೋನ್ ಎಕ್ಸ್‌ಎಸ್‌ನಲ್ಲಿ ಫೋಟೋ ತೆಗೆದ ನಂತರವೂ ಮಸುಕನ್ನು ಹೆಚ್ಚುಕಡಿಮೆ ಮಾಡುವ ಸ್ಲೈಡರ್ ಬಂದದ್ದು ಇದರ ಬಲದಿಂದಲೇ. ಆದರೆ ಸ್ಲೈಡರ್ ಬದಲಿಸುವುದು ಒಟ್ಟು ಮಸುಕಿನ ಪ್ರಮಾಣವನ್ನಷ್ಟೇ. ಮ್ಯಾಪಿನಲ್ಲೇ ತಪ್ಪಿದ್ದರೆ ಅದನ್ನು ಕೈಯಿಂದ ತಿದ್ದಬೇಕಾಗುತ್ತದೆ.

ಪದೇಪದೇ ಎದುರಾಗುವ ಒಂದು ತಪ್ಪನ್ನು ನೋಡೋಣ. ಒಬ್ಬರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ತೋಳಿಗೂ ಮೈಗೂ ನಡುವಿನ ತ್ರಿಕೋನಾಕಾರದ ಸಂದಿಯಲ್ಲಿ ಹಿಂದಿನ ಗೋಡೆ ಕಾಣುತ್ತಿದೆ. ಡೆಪ್ತ್ ಮ್ಯಾಪ್ ಸಾಮಾನ್ಯವಾಗಿ ಫೋಟೋಗಿಂತ ಬಹಳ ಚಿಕ್ಕದು: 4032×3024 ಪಿಕ್ಸೆಲ್‌ಗಳ ಫೋಟೋಗೆ 768×576ರ ಮ್ಯಾಪ್ ಇರುವುದುಂಟು. ಇಷ್ಟು ಒರಟಾದ ಮ್ಯಾಪಿನಲ್ಲಿ ಆ ಸಂದಿ ಮುಚ್ಚಿಹೋಗಿ, ಅಲ್ಲಿನ ಗೋಡೆಯೂ ಮೈಯಷ್ಟೇ ಹತ್ತಿರದಲ್ಲಿದೆ ಎಂದು ದಾಖಲಾಗುತ್ತದೆ. ಪರಿಣಾಮವಾಗಿ ಸುತ್ತಲಿನ ಗೋಡೆಯೆಲ್ಲ ಮಸುಕಾದರೂ ಸಂದಿಯೊಳಗಿನ ತುಂಡು ಮಾತ್ರ ಚೂಪಾಗಿ ಉಳಿಯುತ್ತದೆ. ಮಸುಕನ್ನು ಗರಿಷ್ಠಕ್ಕೆ ಏರಿಸಿ ನೋಡಿದರೆ ಇಂಥ ಜಾಗಗಳು ಕೂಡಲೇ ಕಣ್ಣಿಗೆ ಬೀಳುತ್ತವೆ.

ಸಂದಿಗೆ ದೂರದ ಬಣ್ಣ ಬಳಿದರಾಯಿತು ಎನ್ನಬಹುದು. ಆದರೆ ಯಾವ ಬೂದು? ಇಲ್ಲಿಯೇ ಹೆಚ್ಚಿನವರು ಎಡವುವುದು. ಡೆಪ್ತ್ ಮ್ಯಾಪ್ ಅನೇಕ ಸಲ ದೂರವನ್ನಲ್ಲ, ದೂರದ ವಿಲೋಮವನ್ನು, ಅಂದರೆ 1ನ್ನು ದೂರದಿಂದ ಭಾಗಿಸಿದ ಬೆಲೆಯನ್ನು ದಾಖಲಿಸುತ್ತದೆ. ಲೆನ್ಸಿನ ಮಸುಕೂ ಇದೇ ವಿಲೋಮಗಳ ವ್ಯತ್ಯಾಸಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಈ ಏರ್ಪಾಡು ಸಹಜವೇ ಆಗಿದೆ. ವ್ಯಕ್ತಿ 1.5 ಮೀಟರ್, ಗೋಡೆ 3 ಮೀಟರ್, ಗೋಡೆಯಾಚೆಯ ಮರ 30 ಮೀಟರ್ ದೂರದಲ್ಲಿವೆ ಎಂದುಕೊಂಡರೆ ವಿಲೋಮಗಳು ಕ್ರಮವಾಗಿ 0.667, 0.333 ಮತ್ತು 0.033 ಆಗುತ್ತವೆ. ವ್ಯಕ್ತಿಗೆ 255ರ ಅಚ್ಚಬಿಳಿಯನ್ನೂ ಅನಂತ ದೂರಕ್ಕೆ 0ಯ ಕಪ್ಪನ್ನೂ ಕೊಟ್ಟಲ್ಲಿ ಗೋಡೆಗೆ ಸುಮಾರು 127, ಮರಕ್ಕೆ ಸುಮಾರು 13 ಬರುತ್ತದೆ. ಮರ ಗೋಡೆಗಿಂತ ಹತ್ತು ಪಟ್ಟು ದೂರವಿದ್ದರೂ ಅದರ ಮಸುಕು ಗೋಡೆಯ ಮಸುಕಿನ ಎರಡು ಪಟ್ಟನ್ನೂ ಮುಟ್ಟುವುದಿಲ್ಲ. ಇದನ್ನು ಮರೆತು, ವ್ಯಕ್ತಿಯಿಂದ ಮರದವರೆಗೆ ಮೀಟರಿನ ಲೆಕ್ಕದಲ್ಲಿ ಬೂದನ್ನು ಸಮನಾಗಿ ಹಂಚಿದರೆ ಗೋಡೆಗೆ 242ರಷ್ಟು ಬಿಳಿಗೆ ಸಮೀಪದ ಬೆಲೆ ಸಿಕ್ಕಿ, ಅದು ಬಹುತೇಕ ಮಸುಕಾಗದೆ ಉಳಿಯುತ್ತದೆ.

ವಾಸ್ತವದಲ್ಲಿ ಲೆಕ್ಕ ಹಾಕುತ್ತ ಕೂರಬೇಕಾಗಿಲ್ಲ; ಮ್ಯಾಪಿನಲ್ಲೇ ಸಂದಿಯ ಹೊರಗೆ ಪಕ್ಕದಲ್ಲಿರುವ ಗೋಡೆಯ ಬೂದನ್ನು ಐಡ್ರಾಪರ್‌ನಿಂದ ಎತ್ತಿಕೊಂಡು ಸಂದಿಯೊಳಗೆ ಬಳಿದರೆ ಸಾಕು. ಫೋಟೋಶಾಪ್‌ನಲ್ಲಿ ಈ ಕೆಲಸ ಮಾಡುವುದಾದರೆ ಮೊದಲು ಪೋರ್ಟ್ರೇಟ್ ಪರಿಣಾಮವನ್ನು ತೆಗೆದ, ಪೂರ್ತಿ ಸ್ಪಷ್ಟವಾದ ಫೋಟೋವನ್ನೇ ತೆರೆಯಬೇಕು. ಮ್ಯಾಪನ್ನು ಫೋಟೋದ ಅಳತೆಗೆ ಹಿಗ್ಗಿಸಿ ಆಲ್ಫಾ ಚಾನೆಲ್ ಆಗಿ ಇರಿಸಿ, ತಿದ್ದಿ, ಬಳಿಕ Lens Blur ಫಿಲ್ಟರಿನ Source ಎಂಬಲ್ಲಿ ಆ ಚಾನೆಲನ್ನು ಆರಿಸಿ, ಮುಖದ ಮೇಲೆ ಕ್ಲಿಕ್ ಮಾಡಿದರೆ ಫೋಕಸ್ ಅಲ್ಲಿ ನಿಲ್ಲುತ್ತದೆ.

ಬ್ರಷ್‌ನ ಅಂಚು ಎಲ್ಲೆಡೆ ಒಂದೇ ಇರಬಾರದು. ತೋಳಿನಂಥ ಗಟ್ಟಿ ಅಂಚಿಗೆ ಗಡುಸಾದ ಬ್ರಷ್ ಸರಿ. ಹಾರಾಡುವ ಕೂದಲಿಗೆ ಮಾತ್ರ ಬೂದು ನಿಧಾನವಾಗಿ ಇಳಿಯುವಂತೆ ಮೃದು ಬ್ರಷ್ ಬೇಕು, ಇಲ್ಲದಿದ್ದರೆ ತಲೆಯನ್ನು ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ನೆಲವನ್ನಂತೂ ಒಂದೇ ಬೂದಿನಲ್ಲಿ ತುಂಬಲೇಬಾರದು: ಪಾದದಿಂದ ಗೋಡೆಯವರೆಗೆ ಅದು ಹಂತಹಂತವಾಗಿ ಕಪ್ಪಾಗುತ್ತ ಹೋಗದಿದ್ದರೆ ವ್ಯಕ್ತಿ ಗಾಳಿಯಲ್ಲಿ ತೇಲಿದಂತಾಗುತ್ತದೆ.

ಎಷ್ಟೇ ತಿದ್ದಿದರೂ ಬಗೆಹರಿಯದ ಒಂದು ತೊಡಕು ಗಾಜಿನದು. ಕನ್ನಡಕದ ಗಾಜಿನಲ್ಲಿ ಒಂದೇ ಪಿಕ್ಸೆಲ್ ಹತ್ತಿರದ ಪ್ರತಿಫಲನವನ್ನೂ ಅದರ ಹಿಂದಿನ ದೃಶ್ಯವನ್ನೂ ಹೊತ್ತಿರುತ್ತದೆ, ಮ್ಯಾಪ್ ಆ ಪಿಕ್ಸೆಲ್‌ಗೆ ಒಂದೇ ದೂರವನ್ನು ಕೊಡಬಲ್ಲದು. ಅಂಥಲ್ಲಿ ಗಾಜನ್ನು ಮುಖದ ದೂರಕ್ಕೇ ಬಿಟ್ಟು, ಚೌಕಟ್ಟಿನ ಅಂಚುಗಳು ಕರಗದಂತೆ ನೋಡಿಕೊಳ್ಳುವುದೇ ಕಡಿಮೆ ಹಾನಿಯ ದಾರಿ.