ಕೀಲಾಯ್ಡ್: ಉಬ್ಬಿದ ಕಲೆಗೆಲ್ಲ ಈ ಹೆಸರಲ್ಲ

ಕಳೆದ ವಾರ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಬಂತು. ಸಿಸೇರಿಯನ್ ಆಗಿ ಮೂರು ತಿಂಗಳು. ಹೊಲಿಗೆ ಹಾಕಿದ ಗೆರೆ ಕೆಂಪಗೆ, ಹಗ್ಗದ ಹಾಗೆ ಉಬ್ಬಿದೆ. ಕೆಳಗೆ ಒಬ್ಬರು ಬರೆದಿದ್ದರು: "ಅಯ್ಯೋ, ಕೀಲಾಯ್ಡ್ ಆಗಿಬಿಟ್ಟಿದೆ. ಇನ್ನು ಹೋಗಲ್ಲ ಬಿಡಿ." ಬಾಣಂತಿ ಪಾಪ ಹೆದರಿ ನನಗೆ ಫೋನ್ ಮಾಡಿದಳು.

ಅದು ಕೀಲಾಯ್ಡ್ ಆಗಿರಲಿಲ್ಲ. ಮೂರು ವರ್ಷದ ಹಿಂದೆ ನಮ್ಮ ಅಕ್ಕನ ಮಗಳಿಗೆ ನಿಜವಾದ ಕೀಲಾಯ್ಡ್ ಬಂದಾಗ ಮಾತ್ರ ಇದೇ ಗ್ರೂಪಿನಲ್ಲಿ ಯಾರೂ ಆ ಹೆಸರು ಎತ್ತಲಿಲ್ಲ. "ಏನೋ ದುರ್ಮಾಂಸ ಬೆಳೆದಿದೆ, ಕಟ್ ಮಾಡಿಸಿದ್ರೆ ಹೋಗತ್ತೆ" ಅಂದರು. ಕಟ್ ಮಾಡಿಸಿದೆವು. ಮೊದಲಿಗಿಂತ ದೊಡ್ಡದಾಗಿ ಬಂತು. ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ, ಅದಕ್ಕೇ ಇಷ್ಟು ಹಟ ಹಿಡಿದು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಮಾತು. ಈ ಪದಕ್ಕೂ ನಮ್ಮ ಕೈಕಾಲಿನ ಕೀಲಿಗೂ ಯಾವ ಸಂಬಂಧವೂ ಇಲ್ಲ. "ಕೀಲಿನ ಹತ್ತಿರ ಬರೋ ಗಂಟು" ಎಂದು ಅರ್ಥ ಮಾಡಿಕೊಂಡವರನ್ನು ಕಂಡಿದ್ದೇನೆ. ಇದು ಗ್ರೀಕ್ ಮೂಲದ ಪದ. ಅಲ್ಲಿ 'ಖೇಲೆ' ಅಂದರೆ ಏಡಿಯ ಇಕ್ಕಳದಂಥ ಮುಂಗಾಲು. ಪ್ಯಾರಿಸ್ಸಿನ ಚರ್ಮವೈದ್ಯ ಜ್ಯಾಂ ಲೂಯಿ ಅಲಿಬರ್ 1806ರಲ್ಲಿ ಇಂಥ ಕಲೆಗಳನ್ನು ವಿವರಿಸಿದಾಗ ಅವಕ್ಕೆ ಬೇರೆ ಹೆಸರು ಇಟ್ಟಿದ್ದ: ಕ್ಯಾಂಕ್ರಾಯ್ಡ್, ಅಂದರೆ ಕ್ಯಾನ್ಸರಿನಂಥದ್ದು. ಅಕ್ಕಪಕ್ಕದ ಚರ್ಮಕ್ಕೆ ಕಾಲು ಚಾಚುವುದನ್ನು ನೋಡಿ ಹಾಗೆ ಅನ್ನಿಸಿರಬೇಕು. ಆದರೆ ಇದು ಕ್ಯಾನ್ಸರ್ ಅಲ್ಲ, ದೇಹದ ಬೇರೆ ಕಡೆಗೆ ಹರಡುವುದಿಲ್ಲ. ಹೆಸರಿನಿಂದ ಗೊಂದಲ ಬೇಡವೆಂದು ಸುಮಾರು ಹತ್ತು ವರ್ಷದ ನಂತರ ಅವನೇ ಅದನ್ನು ಕೀಲಾಯ್ಡ್ ಎಂದು ಬದಲಿಸಿದ.

ಕನ್ನಡದವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಕ್ಯಾನ್ಸರ್ ಅನ್ನುವ ಪದದ ಅರ್ಥವೂ ಏಡಿಯೇ, ನಮ್ಮಲ್ಲಿ ಅದಕ್ಕೆ ಏಡಿಗಂತಿ ಎಂಬ ಹೆಸರೂ ಇದೆ. ಅಲಿಬರ್ ಏಡಿಯನ್ನು ಬಿಟ್ಟು ಏಡಿಯ ಕಾಲನ್ನು ಮಾತ್ರ ಉಳಿಸಿಕೊಂಡ. ಆ ಕಾಲೇ ಈ ಪದದ ಜೀವ. ಗಾಯದ ಗಡಿ ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೆ ಕಾಲು ಚಾಚಿದರೆ ಮಾತ್ರ ಅದು ಕೀಲಾಯ್ಡ್.

ಗಡಿಯೊಳಗೇ ಇದ್ದು ಉಬ್ಬುವ ಕಲೆಗೆ ಹೈಪರ್‌ಟ್ರೋಫಿಕ್ ಕಲೆ ಅನ್ನುತ್ತಾರೆ. ಬಾಣಂತಿಯ ಹೊಟ್ಟೆಯ ಮೇಲಿದ್ದದ್ದು ಇದೇ. ಗಾಯವಾದ ಒಂದೆರಡು ತಿಂಗಳಲ್ಲೇ ಉಬ್ಬುತ್ತದೆ, ಕೆಲವು ತಿಂಗಳು ಬೆಳೆಯುತ್ತದೆ, ಆಮೇಲೆ ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತಾ ಬರುತ್ತದೆ. ಸಿಲಿಕೋನ್ ಶೀಟನ್ನು ದಿನಕ್ಕೆ 12 ಗಂಟೆಗೂ ಹೆಚ್ಚು, ಎರಡು ಮೂರು ತಿಂಗಳು ಅಂಟಿಸಿಕೊಂಡರೆ ಅನುಕೂಲ. ಕೀಲಾಯ್ಡ್ ಹಾಗಲ್ಲ. ಗಾಯ ವಾಸಿಯಾಗಿ ತಿಂಗಳುಗಳ ಮೇಲೆ, ಕೆಲವೊಮ್ಮೆ ವರ್ಷದ ಮೇಲೆ ಶುರುವಾಗುತ್ತದೆ. ತಾನಾಗಿ ಇಳಿಯುವುದು ತೀರಾ ಅಪರೂಪ. ಮೂಗು ಚುಚ್ಚಿಸಿದ ಎರಡೇ ವಾರಕ್ಕೆ ನತ್ತಿನ ಪಕ್ಕ ಏಳುವ ಕೆಂಪು ಗುಳ್ಳೆ ಇವೆರಡೂ ಅಲ್ಲ. ಅದು ಸಾಮಾನ್ಯವಾಗಿ ಉಜ್ಜಿ ಅಥವಾ ಸೋಂಕಾಗಿ ಏಳುವ ಗುಳ್ಳೆ.

ಹಾಗಾದರೆ ಕೀಲಾಯ್ಡ್ ಏಕೆ ನಿಲ್ಲದೆ ಬೆಳೆಯುತ್ತದೆ? ಗಾಯವಾದಾಗ ಚರ್ಮದ ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು ಕೊಲಾಜೆನ್ ನಾರು ನೇಯ್ದು ಬಿರುಕು ಮುಚ್ಚುತ್ತವೆ. ಕೆಲಸ ಮುಗಿದ ಮೇಲೆ ಅವುಗಳಲ್ಲಿ ಬಹುಪಾಲು ಸಾಯಬೇಕು. ಕೀಲಾಯ್ಡಿನಲ್ಲಿ ಅವಕ್ಕೆ 'ಸಾಕು' ಎನ್ನುವ ಸೂಚನೆ ತಲುಪುವುದಿಲ್ಲ. ಚರ್ಮದ ಆಳದ ಪದರದಲ್ಲಿ ಸಣ್ಣ ಉರಿಯೂತ ಆರದೆ ಉಳಿದು, ನಾರು ನೇಯುತ್ತಲೇ ಇರಿ ಎನ್ನುತ್ತದೆ. ಈ ಗಲಾಟೆ ಹೆಚ್ಚಾಗಿ ನಡೆಯುವುದು ಅಂಚಿನಲ್ಲಿ. ಹಳೆಯ ಕೀಲಾಯ್ಡನ್ನು ಹತ್ತಿರದಿಂದ ನೋಡಿ: ನಡುವೆ ತಣ್ಣಗೆ, ಸಪ್ಪೆ ಬಣ್ಣ. ಅಂಚು ಕೆಂಪು, ಮುಟ್ಟಿದರೆ ನೋವು, ತುರಿಕೆ. ಆ ಅಂಚೇ ಮುಂದೆ ಹೋಗುತ್ತಿರುತ್ತದೆ.

ಎದೆ, ಭುಜದ ಮೇಲೆ ಚರ್ಮದ ಎಳೆತವೂ ಇದಕ್ಕೆ ಸೇರುತ್ತದೆ. ಬೈಪಾಸ್ ಆಪರೇಷನ್ನಿನ ಎದೆಯ ಗಾಯದಲ್ಲಿ ಬರುವುದು ಅದಕ್ಕೇ. ಕಿವಿಹಾಲೆಯಲ್ಲಿ ಅಂಥ ಎಳೆತ ಇಲ್ಲ. ಅಲ್ಲಿ ತೂತಿನ ಸೋಂಕು, ಓಲೆಯ ಉಜ್ಜಾಟ, ಕೆಲವೊಮ್ಮೆ ನಿಕಲ್ ಅಲರ್ಜಿ ಉರಿಯೂತವನ್ನು ಜೀವಂತ ಇಡುತ್ತವೆ. ಜೊತೆಗೆ ಮನೆತನದ ಗುಣವೂ ಇರುತ್ತದೆ, ಕಪ್ಪು ಮೈಬಣ್ಣದವರಲ್ಲಿ ಇದು ಜಾಸ್ತಿ. ವಯಸ್ಸಿನದೂ ಒಂದು ಪಾತ್ರ. 10ರಿಂದ 30 ವರ್ಷದೊಳಗೆ ಹೆಚ್ಚು. ಕೂಸಿಗೆ ಕಿವಿ ಚುಚ್ಚಿಸಿದಾಗ ಏನೂ ಆಗದವರಿಗೆ ಕಾಲೇಜಿನಲ್ಲಿ ಎರಡನೆಯ, ಮೂರನೆಯ ತೂತು ಹಾಕಿಸಿದಾಗ ಬರಬಹುದು. "ಚಿಕ್ಕಂದಿನಲ್ಲಿ ಚುಚ್ಚಿದಾಗ ಏನೂ ಆಗಿಲ್ವಲ್ಲ" ಅನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಅಕ್ಕನ ಮಗಳಿಗೆ ಆದದ್ದೂ ಅದೇ. 19ನೇ ವಯಸ್ಸಿನಲ್ಲಿ ಹಾಲೆಗೆ ಎರಡನೇ ತೂತು. ತೂತು ಆರಿತು. ಐದನೇ ತಿಂಗಳಲ್ಲಿ ಹಿಂಬದಿ ತುರಿಕೆ, ಬಟಾಣಿಯಷ್ಟು ಗಟ್ಟಿ ಗಂಟು. ಕ್ಲಿನಿಕ್ಕಿನಲ್ಲಿ ಕತ್ತರಿಸಿ ಹೊಲಿಗೆ ಹಾಕಿ ಕಳಿಸಿದರು, ಬೇರೇನೂ ಮಾಡಲಿಲ್ಲ. ಆರೇ ತಿಂಗಳಲ್ಲಿ ಹುಣಸೆ ಬೀಜಕ್ಕಿಂತ ದೊಡ್ಡದಾಯಿತು. ಇದರಲ್ಲಿ ಆಶ್ಚರ್ಯವಿಲ್ಲ. ಕತ್ತರಿಸುವುದೂ ಹೊಸ ಗಾಯವೇ ಅಲ್ವಾ? ಬರೀ ಕತ್ತರಿಸಿ ಬಿಟ್ಟರೆ ಅರ್ಧದಷ್ಟು ಜನಕ್ಕೆ, ಕೆಲವು ವರದಿಗಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ, ಮರಳಿ ಬಂದದ್ದಿದೆ.

ಎರಡನೇ ಸಲ ಚರ್ಮವೈದ್ಯರ ಹತ್ತಿರ ಹೋದೆವು. ಅವರು ಮೊದಲು ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಶುರು ಮಾಡಿದರು, ನಾಲ್ಕು ವಾರಕ್ಕೊಮ್ಮೆ, ನಾಲ್ಕು ಸಲ. ನಾನು ಪಕ್ಕದಲ್ಲೇ ನಿಂತಿದ್ದೆ. ಗಂಟು ಎಷ್ಟು ಗಟ್ಟಿ ಅಂದರೆ ಮೊದಲ ಸಲ ಸಿರಿಂಜ್ ಒತ್ತಲು ಡಾಕ್ಟರ ಹೆಬ್ಬೆರಳು ನಡುಗಿತು. ಔಷಧ ಗಂಟಿನ ಒಳಗೇ ಇಳಿದರೆ ಅದು ಬೆಳ್ಳಗಾಗುತ್ತದೆ, ಅದನ್ನೇ ಅವರು ಗಮನಿಸುತ್ತಿದ್ದರು. ಸೂಜಿ ಕೆಳಗೆ ಜಾರಿದರೆ ಒಳ್ಳೆಯ ಚರ್ಮ ಸವೆದು ಗುಳಿ ಬೀಳುತ್ತದೆ, ಬಣ್ಣವೂ ಮಾಸುತ್ತದೆ. ನಾಲ್ಕನೆಯ ಸಲಕ್ಕೆ ಸೂಜಿ ಸಲೀಸಾಗಿ ಹೋಯಿತು. ತುರಿಕೆ ಮೊದಲ ತಿಂಗಳಲ್ಲೇ ನಿಂತಿತ್ತು.

ಮೆತ್ತಗಾದ ಮೇಲೆ ಉಳಿದದ್ದನ್ನು ಕತ್ತರಿಸಿದರು. ಈ ಸಲ ಹೊಲಿಗೆಯ ಅಂಚಿಗೂ ಇಂಜೆಕ್ಷನ್, ಆಮೇಲೆ ತಿಂಗಳಿಗೊಂದು. ಗಾಯ ಆರಿದ ಮೇಲೆ ಒತ್ತುವ ಕ್ಲಿಪ್ ಓಲೆ, ದಿನಕ್ಕೆ 12 ಗಂಟೆಗೂ ಮೇಲೆ, ಆರು ತಿಂಗಳು. ಹಾಲೆಯನ್ನು ಎರಡೂ ಕಡೆಯಿಂದ ಅಮುಕಲು ಆಗುತ್ತದೆ, ಎದೆಗೆ ಈ ಉಪಾಯ ನಡೆಯದು. ಮತ್ತೆ ಮತ್ತೆ ಬರುವವರಿಗೆ ಕತ್ತರಿಸಿದ ಒಂದೆರಡು ದಿನದೊಳಗೆ ಸಣ್ಣ ಪ್ರಮಾಣದ ವಿಕಿರಣ ಕೊಡುತ್ತಾರೆ. ಮಕ್ಕಳಿಗೆ ಅದನ್ನು ಆದಷ್ಟು ತಪ್ಪಿಸುತ್ತಾರೆ. ಸ್ಟೀರಾಯ್ಡ್ ಜೊತೆ 5-ಫ್ಲೂರೋಯುರಾಸಿಲ್ ಬೆರೆಸುವುದು, ಗಂಟನ್ನು ಶೈತ್ಯದಿಂದ ಹೆಪ್ಪುಗಟ್ಟಿಸುವುದು ಇತರ ದಾರಿಗಳು. ಗಾಯ, ಮೊಡವೆ ಯಾವುದೂ ನೆನಪಿಲ್ಲದ ಜಾಗದಲ್ಲಿ ಗಟ್ಟಿ ಗಂಟು ಬೆಳೆಯುತ್ತಿದ್ದರೆ ಕೀಲಾಯ್ಡ್ ಎಂದು ನಾವೇ ತೀರ್ಮಾನಿಸಬಾರದು, ಬಯಾಪ್ಸಿ ಬೇಕೇ ಎಂದು ಕೇಳಬೇಕು.

ಈಗ ಅವಳ ಹಾಲೆಯ ಹಿಂದೆ ಉಳಿದಿರುವುದು ತೆಳುವಾದ, ಸ್ವಲ್ಪ ಬಿಳಿಚಿದ ಗೆರೆ. ಕನಿಷ್ಠ ಎರಡು ವರ್ಷ ಕಣ್ಣಿಟ್ಟಿರಿ ಎಂದು ಡಾಕ್ಟರು ಹೇಳಿದ್ದಾರೆ. ತಲೆ ಬಾಚುವಾಗ ಅವಳು ಬೆರಳಿನಿಂದ ಆ ಜಾಗ ಒತ್ತಿ ನೋಡುತ್ತಾಳೆ. ಗಟ್ಟಿ ಸಿಕ್ಕರೆ ಅಥವಾ ತುರಿಸಿದರೆ ಅದೇ ವಾರ ಇಂಜೆಕ್ಷನ್ನಿಗೆ ಹೋಗುವುದೆಂದು ಮಾತಾಗಿದೆ.