ಹಳೆಯ ಸಾಧನ ಸೇರಿಕೊಂಡರೆ ಹೊಸ ಫೋನಿನ ವೈಫೈ ನಿಧಾನವಾಗುವುದೇಕೆ?

ಪ್ರಶ್ನೆ: ನಮ್ಮ ಮನೆಯ ರೌಟರ್‌ಗೆ ಎರಡು ಹೊಸ ಫೋನ್, ಒಂದು ಹಳೆಯ ಲ್ಯಾಪ್‌ಟಾಪ್, ಗೇಟಿನ ಹತ್ತಿರ ಒಂದು ಹಳೆಯ ವೈಫೈ ಕ್ಯಾಮೆರಾ ಸೇರಿಕೊಂಡಿವೆ. ಕ್ಯಾಮೆರಾ ಆನ್ ಇದ್ದಾಗ ಫೋನಿನಲ್ಲಿ ವೇಗ ಅರ್ಧಕ್ಕೆ ಇಳಿಯುತ್ತದೆ. ಹಳೆಯ ಸಾಧನ ಒಂದಿದ್ದರೆ ರೌಟರ್ ಎಲ್ಲವನ್ನೂ ಅದರ ವೇಗಕ್ಕೇ ಇಳಿಸಿಬಿಡುತ್ತದೆ ಅನ್ನುತ್ತಾರೆ. ಇದು ನಿಜವೇ? ಹಳೆಯದನ್ನೆಲ್ಲ ತೆಗೆದುಹಾಕಬೇಕೇ?

ಉತ್ತರ: ರೌಟರ್ ಎಲ್ಲವನ್ನೂ ಒಂದೇ ವೇಗಕ್ಕೆ ಇಳಿಸುವುದಿಲ್ಲ. ಪ್ರತಿಯೊಂದು ಸಾಧನದ ಜೊತೆಗೂ ಅದು ಬೇರೆ ಬೇರೆ ವೇಗದಲ್ಲೇ ಮಾತನಾಡುತ್ತದೆ. ಕ್ಯಾಮೆರಾ 6.5 ಎಂಬಿಪಿಎಸ್‌ನಲ್ಲಿದ್ದರೂ ನಿಮ್ಮ ಫೋನ್ 144 ಎಂಬಿಪಿಎಸ್‌ನಲ್ಲೇ ಇರಬಹುದು. ಆದರೂ ನೀವು ಕಂಡ ಕುಸಿತ ಭ್ರಮೆಯಲ್ಲ. ಕ್ಯಾಮೆರಾ ಕಸಿದುಕೊಳ್ಳುತ್ತಿರುವುದು ನಿಮ್ಮ ಫೋನಿನ ಸಮಯವನ್ನು.

ವೈಫೈನ ಒಂದು ಚಾನೆಲ್‌ನಲ್ಲಿ, ಅಂದರೆ ಒಂದು ರೇಡಿಯೊ ದಾರಿಯಲ್ಲಿ, ಒಂದು ಹೊತ್ತಿಗೆ ಒಬ್ಬರೇ ಮಾತನಾಡಬಹುದು; ಉಳಿದವರು ಸುಮ್ಮನಿದ್ದು ಕಾಯಬೇಕು. ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆಯ ಹಾಗೆ ಇದು. ಎತ್ತಿನ ಗಾಡಿ ದಾಟಿ ಮುಗಿಯುವ ತನಕ ಹಿಂದಿನ ಕಾರು ನಿಂತಿರಲೇಬೇಕು. ವೈಫೈ ನಿಯಮ ಎಲ್ಲರಿಗೂ ಸಮನಾಗಿ ಹಂಚುವುದು ಸರದಿಯನ್ನೇ ಹೊರತು ಸಮಯವನ್ನಲ್ಲ. 1500 ಬೈಟ್‌ನ ಒಂದು ಪ್ಯಾಕೆಟ್ ಅಂದರೆ 12,000 ಬಿಟ್. ಅದನ್ನು 72 ಎಂಬಿಪಿಎಸ್‌ನಲ್ಲಿ ಕಳಿಸಲು ಸುಮಾರು 0.17 ಮಿಲಿಸೆಕೆಂಡ್ ಸಾಕು. 11 ಎಂಬಿಪಿಎಸ್‌ನಲ್ಲಿ 1.09 ಮಿಲಿಸೆಕೆಂಡ್ ಬೇಕು, 1 ಎಂಬಿಪಿಎಸ್‌ನಲ್ಲಿ 12 ಮಿಲಿಸೆಕೆಂಡ್. 72ರಲ್ಲಿರುವ ಫೋನೂ 11ರಲ್ಲಿರುವ ಹಳೆಯ ಸಾಧನವೂ ಸರದಿಗೊಂದು ಪ್ಯಾಕೆಟ್‌ನಂತೆ ಕಳಿಸುತ್ತ ಹೋದರೆ, ಒಂದು ಸುತ್ತಿಗೆ 1.26 ಮಿಲಿಸೆಕೆಂಡ್ ಹಿಡಿಯುತ್ತದೆ. ಆ ಸುತ್ತಿನಲ್ಲಿ ಫೋನಿಗೆ ಸಿಗುವುದು ಒಂದೇ ಪ್ಯಾಕೆಟ್, ಹಾಗಾಗಿ ಅದರ ವೇಗ ಹತ್ತು ಎಂಬಿಪಿಎಸ್‌ಗಿಂತ ಕೆಳಕ್ಕೆ ಬರುತ್ತದೆ. ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು 2003ರಲ್ಲೇ ಈ ವಿಚಿತ್ರವನ್ನು ಲೆಕ್ಕ ಹಾಕಿ ತೋರಿಸಿದ್ದರು. 'ಎಲ್ಲರೂ ನಿಧಾನದವನ ವೇಗಕ್ಕೆ ಇಳಿಯುತ್ತಾರೆ' ಎಂಬ ಮಾತು ಹುಟ್ಟಿದ್ದು ಇಂಥ ಅನುಭವದಿಂದಲೇ.

ಈಗಿನ ಫೋನುಗಳಲ್ಲಿ ಪರಿಸ್ಥಿತಿ ಇಷ್ಟು ಕೆಟ್ಟದಾಗಿರುವುದಿಲ್ಲ. 2009ರ 802.11n ಎಂಬ ವೈಫೈ ಮಾನದಂಡದ ನಂತರದ ಸಾಧನಗಳು ತಮ್ಮ ಸರದಿ ಬಂದಾಗ ಹಲವು ಪ್ಯಾಕೆಟ್‌ಗಳನ್ನು ಒಟ್ಟಿಗೆ ಕಟ್ಟಿ ಕಳಿಸುತ್ತವೆ. ಹೀಗಾಗಿ ನಿಧಾನದ ಸಾಧನ ನುಂಗುವ ಪಾಲು ಕಡಿಮೆಯಾಗುತ್ತದೆ, ಆದರೆ ಪೂರ್ತಿ ಇಲ್ಲವಾಗುವುದಿಲ್ಲ.

ಇನ್ನು ನಿಮ್ಮ ಕ್ಯಾಮೆರಾದ ಲೆಕ್ಕ. ಅದು ಎಡೆಬಿಡದೆ 2 ಎಂಬಿಪಿಎಸ್ ವಿಡಿಯೊ ಕಳಿಸುತ್ತಿದೆ, ಎರಡು ಗೋಡೆಗಳ ಆಚೆ ಇರುವುದರಿಂದ ಅದರ ಲಿಂಕ್ ವೇಗ, ಅಂದರೆ ಅದು ರೌಟರ್ ಜೊತೆ ಮಾತನಾಡುವ ವೇಗ, 6.5 ಎಂಬಿಪಿಎಸ್‌ಗೆ ಕುಸಿದಿದೆ ಎಂದಿಟ್ಟುಕೊಳ್ಳಿ. ಒಂದು ಸೆಕೆಂಡಿನ 1000 ಮಿಲಿಸೆಕೆಂಡ್‌ಗಳಲ್ಲಿ 308 ಅದಕ್ಕೇ ಹೋಯಿತು. ಸಿಗ್ನಲ್ ದುರ್ಬಲವಾದ ಕಡೆ ಕಳಿಸಿದ್ದೆಲ್ಲ ಮುಟ್ಟುವುದಿಲ್ಲ, ಮತ್ತೆ ಕಳಿಸಬೇಕಾಗುತ್ತದೆ. ಎರಡರಲ್ಲಿ ಒಂದು ಪ್ಯಾಕೆಟ್ ಮತ್ತೊಮ್ಮೆ ಹೋಗಬೇಕಾದರೆ 308 ಹೋಗಿ 462 ಆಗುತ್ತದೆ. ಪ್ಯಾಕೆಟ್‌ಗಳ ನಡುವಿನ ಕಾಯುವಿಕೆಯನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಒಂಟಿಯಾಗಿದ್ದಾಗ 80 ಎಂಬಿಪಿಎಸ್ ಪಡೆಯುತ್ತಿದ್ದ ಫೋನಿಗೆ ಈಗ 43ರ ಆಸುಪಾಸು ಉಳಿಯಿತು. ಕಳಿಸುತ್ತಿರುವುದು ಬರೀ 2 ಎಂಬಿಪಿಎಸ್, ನಷ್ಟ ಸುಮಾರು 37. ನೀವು ಹೇಳಿದ 'ಅರ್ಧ' ಇದೇ.

ಅದೇ ಕ್ಯಾಮೆರಾವನ್ನು ರೌಟರ್ ಹತ್ತಿರ ತಂದರೆ, ಅಥವಾ ರೌಟರನ್ನೇ ಕ್ಯಾಮೆರಾದ ಕಡೆಗೆ ಸರಿಸಿದರೆ, ಲಿಂಕ್ ವೇಗ 65ಕ್ಕೆ ಏರಬಹುದು. ಆಗ ಅದೇ ವಿಡಿಯೊಗೆ ಬೇಕಾಗುವುದು 31 ಮಿಲಿಸೆಕೆಂಡ್. ಮಿಕ್ಕ ಖರ್ಚುಗಳನ್ನು ಸೇರಿಸಿದರೂ ನೂರರೊಳಗೆ ಮುಗಿಯುತ್ತದೆ. ಕ್ಯಾಮೆರಾ ಬದಲಾಗಲಿಲ್ಲ, ಅದರ ವಯಸ್ಸೂ ಬದಲಾಗಲಿಲ್ಲ. ಹೀಗಾಗಿ ಸಾಧನ ಎಷ್ಟು ಹಳೆಯದು ಎಂಬುದಕ್ಕಿಂತ ಅದರ ಲಿಂಕ್ ವೇಗ ಎಷ್ಟು, ಅದು ಎಷ್ಟು ಮಾತನಾಡುತ್ತದೆ ಎಂಬ ಎರಡನ್ನೇ ಮೊದಲು ನೋಡಬೇಕು. ದೂರದ ಕೋಣೆಯಲ್ಲಿ ವಿಡಿಯೊ ನೋಡುತ್ತಿರುವ ಹೊಚ್ಚ ಹೊಸ ಫೋನ್ ಕೂಡ ಇಷ್ಟೇ ಹಾನಿ ಮಾಡಬಲ್ಲದು. ಗಂಟೆಗೊಮ್ಮೆ ನಾಲ್ಕು ಅಕ್ಷರ ಕಳಿಸುವ ಹಳೆಯ ಸ್ಮಾರ್ಟ್ ಪ್ಲಗ್‌ನಿಂದ ಸಾಮಾನ್ಯವಾಗಿ ಏನೂ ಆಗದು.

'ಸಾಮಾನ್ಯವಾಗಿ' ಎಂದಿದ್ದಕ್ಕೆ ಕಾರಣವಿದೆ. 1999ರ 802.11b ಮಾತ್ರ ಬಲ್ಲ ಸಾಧನ ಸುಮ್ಮನೆ ಕೂತಿದ್ದರೂ ತೊಂದರೆ ಕೊಡುತ್ತದೆ. ಅದಕ್ಕೆ ಹೊಸ ಸಾಧನಗಳ ಭಾಷೆ ಅರ್ಥವಾಗುವುದಿಲ್ಲ, ಹಾಗಾಗಿ ಅವು ಮಾತನಾಡುತ್ತಿರುವಾಗಲೇ ನಡುವೆ ಬಾಯಿ ಹಾಕುವ ಅಪಾಯ ಇರುತ್ತದೆ. ಅದು ಸೇರಿಕೊಂಡ ಕೂಡಲೇ ರೌಟರ್ ರಕ್ಷಣಾ ಕ್ರಮವನ್ನು ಘೋಷಿಸುತ್ತದೆ. ಅಲ್ಲಿಂದ ಮುಂದೆ ಆ ಬ್ಯಾಂಡ್‌ನ, ಅಂದರೆ 2.4 ಗಿಗಾಹರ್ಟ್ಸ್ ತರಂಗ ಪಟ್ಟಿಯ, ಪ್ರತಿ ಹೊಸ ಸಾಧನವೂ ಡೇಟಾ ಕಳಿಸುವ ಮೊದಲು 'ಇಷ್ಟು ಹೊತ್ತು ಸುಮ್ಮನಿರಿ' ಎಂಬ ಚಿಕ್ಕ ಸಂದೇಶವನ್ನು ಹಳೆಯ ನಿಧಾನದ ವೇಗದಲ್ಲಿ ಕಳಿಸಬೇಕು. 1 ಎಂಬಿಪಿಎಸ್‌ನಲ್ಲಿ ಆ ಸಂದೇಶಕ್ಕೇ 0.3 ಮಿಲಿಸೆಕೆಂಡ್ ಹಿಡಿಯುತ್ತದೆ. 0.17 ಮಿಲಿಸೆಕೆಂಡಿನ ಪ್ಯಾಕೆಟ್‌ಗೆ ಅದಕ್ಕಿಂತ ಉದ್ದದ ಮುನ್ನುಡಿ!

ಇದರ ಜೊತೆಗೆ ಇನ್ನೊಂದು ಸಣ್ಣ ಸೋರಿಕೆಯೂ ಇದೆ. ಸೆಕೆಂಡಿಗೆ ಸುಮಾರು ಹತ್ತು ಸಲ ರೌಟರ್ ತನ್ನ ಹೆಸರನ್ನು ಸಾರುತ್ತದೆ. 802.11bಗೆ ಅವಕಾಶ ಇಟ್ಟಿದ್ದರೆ ಈ ಸಾರಿಕೆ ಸಾಮಾನ್ಯವಾಗಿ 1 ಎಂಬಿಪಿಎಸ್‌ನಲ್ಲೇ ನಡೆಯುತ್ತದೆ. 300 ಬೈಟ್‌ನ ಒಂದು ಸಾರಿಕೆಗೆ 2.5 ಮಿಲಿಸೆಕೆಂಡಿನಷ್ಟು, ಅಂದರೆ ಒಂದೊಂದು ನೆಟ್‌ವರ್ಕ್ ಹೆಸರಿಗೆ ಶೇಕಡ ಎರಡೂವರೆ ಸಮಯ. ಅತಿಥಿಗಳಿಗೊಂದು, ಸ್ಮಾರ್ಟ್ ಸಾಧನಗಳಿಗೊಂದು ಎಂದು ಹೆಸರು ಹೆಚ್ಚಿಸುತ್ತ ಹೋದರೆ ಇದೂ ಹೆಚ್ಚುತ್ತದೆ.

ನಿಮ್ಮ ಮನೆಯಲ್ಲಿ ನಡೆಯುತ್ತಿರುವುದು ಇದೇ ಹೌದೋ ಅಲ್ಲವೋ ಎಂದು ಪರೀಕ್ಷಿಸಿ ನೋಡಿಕೊಳ್ಳಿ. ಫೋನಿನಲ್ಲಿ ಸೇರಿಕೊಂಡಿರುವ ವೈಫೈನ ವಿವರ ತೆರೆದರೆ ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಬ್ಯಾಂಡ್ ಯಾವುದು, ಲಿಂಕ್ ವೇಗ ಎಷ್ಟು ಎಂಬುದು ಕಾಣಿಸುತ್ತದೆ. ಬೇಕೆಂದೇ ಫೋನನ್ನು 2.4 ಗಿಗಾಹರ್ಟ್ಸ್‌ಗೆ ಸೇರಿಸಿ, ರೌಟರ್‌ನಿಂದ ಎರಡು ಮೀಟರ್ ದೂರದಲ್ಲಿಟ್ಟು ಮೂರು ಸಲ ವೇಗ ಅಳೆಯಿರಿ. ಕ್ಯಾಮೆರಾದ ಪ್ಲಗ್ ಕಿತ್ತು ಅದೇ ಜಾಗದಲ್ಲಿ ಮತ್ತೆ ಮೂರು ಸಲ ಅಳೆಯಿರಿ. ಆಮೇಲೆ ಕ್ಯಾಮೆರಾ ಆನ್ ಮಾಡಿ, ಫೋನನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ ಇನ್ನೊಮ್ಮೆ ನೋಡಿ. 2.4ರಲ್ಲಿ ಮಾತ್ರ ಕುಸಿತವಿದ್ದರೆ ಕಾರಣ ಸಮಯದ ಹಂಚಿಕೆಯೇ. 5ರಲ್ಲೂ ಅಷ್ಟೇ ಕುಸಿದರೆ ವೈಫೈ ಅಲ್ಲ, ಇಂಟರ್ನೆಟ್ ಲೈನ್ ಮೇಲೆ ಅನುಮಾನಪಡಿ: ಕ್ಯಾಮೆರಾ ವಿಡಿಯೊವನ್ನು ಹೊರಗಿನ ಸರ್ವರ್‌ಗೆ ಕಳಿಸುತ್ತ ಅಪ್‌ಲೋಡ್ ದಾರಿಯನ್ನೇ ತುಂಬಿಸಿರಬಹುದು.

ರೌಟರ್‌ನ ಸೆಟ್ಟಿಂಗ್ ಪುಟದಲ್ಲಿ ಸೇರಿಕೊಂಡಿರುವ ಸಾಧನಗಳ ಪಟ್ಟಿಯಲ್ಲಿ 'Tx Rate', 'Rx Rate' ಎಂಬ ಕಾಲಮ್ ಇದ್ದರೆ ಅಪರಾಧಿ ಅಲ್ಲೇ ಸಿಗುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ಹಾಕಿದ ರೌಟರ್ ಆದರೆ ಮೊದಲ ಆಜ್ಞೆಯಿಂದ ಇಂಟರ್‌ಫೇಸ್ ಹೆಸರು ತಿಳಿದುಕೊಂಡು, ಎರಡನೆಯದರಲ್ಲಿ `wlan0` ಇರುವ ಕಡೆ ಅದನ್ನು ಬರೆಯಿರಿ:

```
iw dev
iw dev wlan0 station dump
```

ಇಲ್ಲಿ `rx bitrate` ಅಂದರೆ ಆ ಸಾಧನ ರೌಟರ್‌ಗೆ ಕಳಿಸುತ್ತಿರುವ ವೇಗ. ಕ್ಯಾಮೆರಾ ವಿಷಯದಲ್ಲಿ ನೋಡಬೇಕಾದ್ದು ಇದನ್ನೇ. ಕೆಲಸವಿಲ್ಲದೆ ಕೂತ ಸಾಧನ ಇಲ್ಲಿ 1 ಅಥವಾ 6 ತೋರಿಸಿದರೆ ಗಾಬರಿ ಬೇಡ, ಡೇಟಾ ಹರಿಯುತ್ತಿರುವಾಗಲೇ ಓದಿ.

ಪರಿಹಾರಗಳಲ್ಲಿ ಎಲ್ಲಕ್ಕಿಂತ ಫಲ ಕೊಡುವುದು ಬ್ಯಾಂಡ್ ಬೇರ್ಪಡಿಸುವುದು. ಎರಡು ಬ್ಯಾಂಡ್‌ನ ರೌಟರ್‌ನಲ್ಲಿ 2.4ಕ್ಕೂ 5ಕ್ಕೂ ಬೇರೆ ಬೇರೆ ರೇಡಿಯೊ ಇರುತ್ತದೆ, 2.4ರಲ್ಲಿ ಎಷ್ಟೇ ನಿಧಾನದ ಸಾಧನವಿದ್ದರೂ 5ರ ಗಾಳಿಯ ಸಮಯಕ್ಕೆ ಧಕ್ಕೆಯಿಲ್ಲ. ಎರಡಕ್ಕೂ ಒಂದೇ ಹೆಸರಿದ್ದರೆ ಫೋನ್ ಎಷ್ಟೋ ಸಲ 2.4ಕ್ಕೇ ಅಂಟಿಕೊಂಡಿರುತ್ತದೆ. 'Smart Connect' ಅಥವಾ ಅಂಥದೇ ಹೆಸರಿನ ಆಯ್ಕೆಯನ್ನು ಆಫ್ ಮಾಡಿ ಎರಡಕ್ಕೂ ಬೇರೆ ಹೆಸರು ಕೊಡಿ. ಫೋನುಗಳಲ್ಲಿ 2.4ರ ಹೆಸರನ್ನು ಮರೆಸಿಬಿಡಿ. 5 ಗಿಗಾಹರ್ಟ್ಸ್ ಗೋಡೆ ದಾಟುವಾಗ ಬೇಗ ಸೊರಗುತ್ತದೆ, ಅದು ತಲುಪದ ಕೋಣೆಯಲ್ಲಿ ಮಾತ್ರ 2.4 ಉಳಿಸಿಕೊಳ್ಳಿ. ಹಳೆಯ ಲ್ಯಾಪ್‌ಟಾಪ್ ಮೇಜಿನ ಮೇಲೇ ಇರುವುದಾದರೆ ಈಥರ್ನೆಟ್ ಕೇಬಲ್ ಹಾಕಿ, ಗಾಳಿಯಿಂದಲೇ ಹೊರಬರುತ್ತದೆ.

ಆಮೇಲೆ 2.4ರ ಸೆಟ್ಟಿಂಗ್. ಮೋಡ್ 'b/g/n mixed' ಇದ್ದರೆ 'g/n' ಅಥವಾ 'n only' ಮಾಡಿ. ಇದರಿಂದ ನಿಮ್ಮ ಸಾಧನಗಳಿಗಾಗಿ ಮಾಡುತ್ತಿದ್ದ ರಕ್ಷಣಾ ಕ್ರಮ ನಿಲ್ಲುತ್ತದೆ, ಹೆಸರು ಸಾರುವ ವೇಗವೂ ಸಾಮಾನ್ಯವಾಗಿ 6 ಎಂಬಿಪಿಎಸ್‌ಗೆ ಏರುತ್ತದೆ. ಪಕ್ಕದ ಮನೆಯ ರೌಟರ್‌ಗೆ ಅಂಥ ಹಳೆಯ ಸಾಧನ ಸೇರಿದ್ದರೆ ಮಾತ್ರ ನಿಮ್ಮ ರೌಟರ್ ರಕ್ಷಣೆಯನ್ನು ಮುಂದುವರಿಸಬಹುದು. ಬದಲಿಸಿದ ಮೇಲೆ ಒಂದು ದಿನ ಗಮನವಿಡಿ: ದೂರದ ಸಾಧನಗಳು 1 ಎಂಬಿಪಿಎಸ್‌ನ ಆಸರೆಯಿಂದಲೇ ಹೇಗೋ ಸೇರಿಕೊಂಡಿದ್ದರೆ ಈಗ ಕಳಚಿಕೊಳ್ಳುತ್ತವೆ.

ಭದ್ರತೆಯನ್ನು WPA2-AES ಅಥವಾ WPA3 ಮಾಡಿ. ಹಳೆಯ ಸಾಧನಕ್ಕೆ ಹೊಂದಲೆಂದು TKIP ಅಥವಾ WEP ಎಂಬ ಹಳೆಯ ಭದ್ರತಾ ವಿಧಾನ ಇಟ್ಟಿದ್ದರೆ ಅದು ಬೇರೆಯೇ ಕಾಯಿಲೆ. ಅವುಗಳ ಜೊತೆ 802.11n ವೇಗಗಳಿಗೆ ಅವಕಾಶವಿಲ್ಲ, ಹಾಗಾಗಿ ಹೊಸ ಫೋನ್ ಕೂಡ 54 ಎಂಬಿಪಿಎಸ್‌ಗೆ ನಿಲ್ಲುತ್ತದೆ. ಫೋನಿನ ಲಿಂಕ್ ವೇಗ ರೌಟರ್ ಪಕ್ಕದಲ್ಲೂ 54 ದಾಟುತ್ತಿಲ್ಲ ಎಂದರೆ ಮೊದಲು ನೋಡಬೇಕಾದ್ದು ಈ ಸೆಟ್ಟಿಂಗನ್ನೇ.

'Airtime Fairness' ಎಂಬ ಆಯ್ಕೆ ಇದ್ದರೆ ಅದು ಸರದಿಯ ಬದಲು ಸಮಯವನ್ನೇ ಹಂಚಲು ನೋಡುತ್ತದೆ. ಹಳೆಯ ಲ್ಯಾಪ್‌ಟಾಪ್ ಡೌನ್‌ಲೋಡ್ ಮಾಡುವಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿ ಕಳಿಸುವವನು ರೌಟರ್. ಕ್ಯಾಮೆರಾದಲ್ಲಿ ಕಳಿಸುವುದು ಕ್ಯಾಮೆರಾ, ಅದರ ಮೇಲೆ ರೌಟರ್‌ಗೆ ಹೆಚ್ಚು ಹಿಡಿತವಿಲ್ಲ. ಆದ್ದರಿಂದ ನಿಮ್ಮ ತೊಂದರೆಗೆ ಇದನ್ನು ನೆಚ್ಚಿಕೊಳ್ಳಬೇಡಿ. ಕ್ಯಾಮೆರಾಗೆ ಬೇಕಾದ್ದು ಒಳ್ಳೆಯ ಲಿಂಕ್, ಕಡಿಮೆ ಮಾತು. ಅದರ ಆ್ಯಪ್‌ನಲ್ಲಿ ವಿಡಿಯೊ ಬಿಟ್‌ರೇಟನ್ನು 2ರಿಂದ 1 ಎಂಬಿಪಿಎಸ್‌ಗೆ ಇಳಿಸಿದರೆ ಅದು ನುಂಗುವ ಸಮಯವೂ ಅರ್ಧವಾಗುತ್ತದೆ. ಚಲನೆ ಕಂಡಾಗ ಮಾತ್ರ ಕಳಿಸುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಜಾಗ ಬದಲಿಸಲಾಗದಿದ್ದರೆ, ಗೇಟಿಗೆ ಹತ್ತಿರದ ಗೋಡೆಯ ತನಕ ಕೇಬಲ್ ಎಳೆದು ಅಲ್ಲೊಂದು ಹಳೆಯ ರೌಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿಡಿ. ಮುಖ್ಯ ರೌಟರ್ ಚಾನೆಲ್ 1ರಲ್ಲಿದ್ದರೆ ಇದನ್ನು 11ಕ್ಕಿಡಿ, ಎರಡರ ಅಗಲವೂ 20 ಮೆಗಾಹರ್ಟ್ಸ್ ಇರಲಿ. ಕೇಬಲ್ ಬದಲು ವೈಫೈ ರಿಪೀಟರ್ ಇಡುವ ಆಸೆ ಬರಬಹುದು. ಒಂದೇ ಬ್ಯಾಂಡ್‌ನ ರಿಪೀಟರ್ ಪ್ರತಿ ಪ್ಯಾಕೆಟ್ಟನ್ನೂ ಅದೇ ಚಾನೆಲ್‌ನಲ್ಲಿ ಎರಡು ಸಲ ಹೇಳುತ್ತದೆ, ಉಳಿಸಿದ ಸಮಯದಲ್ಲಿ ಒಂದು ಪಾಲನ್ನು ಅದೇ ತಿಂದುಹಾಕುತ್ತದೆ.