ಸಿಹಿ ತಿಂದ ದಿನ ಮಾತ್ರ ಅಕಾರ್ಬೋಸ್ ನುಂಗಿದರೆ ಸಾಕಾ?

ಪ್ರಶ್ನೆ: ನನಗೆ ಬರಿಹೊಟ್ಟೆಯಲ್ಲಿ ಸಕ್ಕರೆ 115ರ ಆಸುಪಾಸು ಇರುತ್ತದೆ. ಊಟವಾಗಿ ಎರಡು ಗಂಟೆಗೆ ನೋಡಿದರೆ 220 ದಾಟಿರುತ್ತದೆ. ಮೆಟ್‌ಫಾರ್ಮಿನ್ ಜೊತೆಗೆ ಡಾಕ್ಟರು ಈಗ ಅಕಾರ್ಬೋಸ್ ಬರೆದಿದ್ದಾರೆ. ನಮ್ಮ ಅಣ್ಣನಿಗೆ ಇದೇ ತೊಂದರೆಗೆ ರೆಪಾಗ್ಲಿನೈಡ್ ಕೊಟ್ಟಿದ್ದಾರೆ. ಅಕಾರ್ಬೋಸ್ ನುಂಗಿದರೆ ತಿಂದ ಸಕ್ಕರೆ ಮೈಗೆ ಹತ್ತದೆ ಹಾಗೇ ಹೊರಗೆ ಹೋಗುತ್ತದಂತೆ. ಹಾಗಿದ್ದರೆ ಸಿಹಿ ತಿಂದ ದಿನ ಮಾತ್ರ ಒಂದು ನುಂಗಿದರೆ ಸಾಕಲ್ವಾ?

ಉತ್ತರ: ಸಾಲದು. "ಹೊರಗೆ ಹೋಗುತ್ತದಂತೆ" ಅನ್ನುವ ಆ ಮಾತಿಗೆ ಎಷ್ಟು ಸಲ ಉತ್ತರ ಬರೆದರೂ ಅದು ಸಾಯುವುದಿಲ್ಲ, ಮುಂದಿನ ವಾರ ಇನ್ನೊಬ್ಬರ ಪತ್ರದಲ್ಲಿ ಎದ್ದು ಕೂತಿರುತ್ತದೆ. ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಾವು ತಿನ್ನುವ ಪಿಷ್ಟ ಅಂದರೆ ಗ್ಲೂಕೋಸ್ ಮಣಿಗಳ ಒಂದು ಉದ್ದನೆಯ ಸರ. ಸರ ಸರವಾಗಿಯೇ ಅದು ರಕ್ತಕ್ಕೆ ಸೇರುವುದಿಲ್ಲ. ಮಣಿಗಳು ಒಂದೊಂದಾಗಿ ಬಿಡಿಯಾಗಬೇಕು. ಮೊದಲು ಜೊಲ್ಲು ಮತ್ತು ಮೇದೋಜೀರಕ ಗ್ರಂಥಿಯ ಅಮೈಲೇಸ್ ಅದನ್ನು ತುಂಡು ಮಾಡುತ್ತದೆ. ಆಮೇಲೆ ಸಣ್ಣ ಕರುಳಿನ ಒಳಗೋಡೆಗೆ ಅಂಟಿಕೊಂಡಿರುವ ಆಲ್ಫಾ ಗ್ಲೂಕೋಸಿಡೇಸ್ ಎಂಬ ಕಿಣ್ವಗಳು ಕೊನೆಯ ಕತ್ತರಿ ಹಾಕುತ್ತವೆ. ನಾವು ಬಳಸುವ ಸಕ್ಕರೆ, ಅಂದರೆ ಸುಕ್ರೋಸ್, ಬಿಡಿಯಾಗುವುದೂ ಇಲ್ಲೇ. ಅಕಾರ್ಬೋಸ್ ಈ ಕಿಣ್ವಗಳಿಗೆ ಹೋಗಿ ಅಂಟಿಕೊಳ್ಳುತ್ತದೆ. ಅದು ಅಂಟಿರುವಷ್ಟು ಹೊತ್ತು ಕಿಣ್ವದ ಕೆಲಸ ನಿಧಾನ. ಸಾಮಾನ್ಯವಾಗಿ ಸಣ್ಣ ಕರುಳಿನ ಮೇಲಿನ ಭಾಗದಲ್ಲೇ ಬೇಗ ಮುಗಿದುಹೋಗುತ್ತಿದ್ದ ಕೆಲಸ ಈಗ ಕರುಳಿನ ಉದ್ದಕ್ಕೂ ಹಂಚಿಹೋಗುತ್ತದೆ. ಗ್ಲೂಕೋಸ್ ಒಟ್ಟಿಗೆ ನುಗ್ಗುವ ಬದಲು ಸಣ್ಣಗೆ, ಜಾಸ್ತಿ ಹೊತ್ತು ಇಳಿಯುತ್ತದೆ. ಇನ್ಸುಲಿನ್ ಹೊರಬರುವುದು ತಡವಾಗುವ ಸಕ್ಕರೆ ಕಾಯಿಲೆಯವರಿಗೆ ಸಿಗುವ ಲಾಭ ಈ ಸಮಯವೇ.

ಅಂದರೆ ಗ್ಲೂಕೋಸಿನ ಬಹುಪಾಲು ಕೊನೆಗೂ ನಿಮ್ಮ ರಕ್ತಕ್ಕೇ ಬರುತ್ತದೆ. ತಡವಾಗಿ ಬರುತ್ತದೆ, ಅಷ್ಟೇ.

ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದ ಸ್ವಲ್ಪ ಪಾಲಾದರೂ ಹೊರಗೆ ಹೋಯಿತಲ್ಲ ಅಂತೀರಾ? ಅದೂ ಇಲ್ಲ. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ. ಒಂದಿಷ್ಟು ಗ್ಯಾಸ್ ಆಗುತ್ತದೆ, ಒಂದಿಷ್ಟು ಸಣ್ಣ ಕೊಬ್ಬಿನಾಮ್ಲಗಳಾಗುತ್ತವೆ, ಆ ಆಮ್ಲಗಳನ್ನು ಕರುಳು ಹೀರಿಕೊಂಡು ಕ್ಯಾಲರಿಯಾಗಿ ಬಳಸಿಕೊಳ್ಳುತ್ತದೆ. ಈ ಮಾತ್ರೆಯಿಂದ ತೂಕ ಹೇಳಿಕೊಳ್ಳುವಷ್ಟು ಇಳಿಯದಿರುವುದು ಅದಕ್ಕೇ. ಸಕ್ಕರೆಯನ್ನು ನಿಜವಾಗಿಯೂ ಹೊರಗೆ ಹಾಕುವ ಮಾತ್ರೆಗಳ ಗುಂಪು ಬೇರೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಹೆಸರು ಕೇಳಿರುತ್ತೀರಿ. ಅವು ಮೂತ್ರದ ಮೂಲಕ ಸಕ್ಕರೆ ಕಳಿಸುತ್ತವೆ. ಯಾರೋ ಆ ಮಾತ್ರೆಯ ಕಥೆಯನ್ನು ಈ ಮಾತ್ರೆಗೆ ಅಂಟಿಸಿಬಿಟ್ಟಿದ್ದಾರೆ.

ಇನ್ನು "ಸಿಹಿ ತಿಂದ ದಿನ ಮಾತ್ರ" ಅನ್ನುವ ಲೆಕ್ಕ. ಇದು ಎಲ್ಲಾ ಕಡೆಯಿಂದಲೂ ಉಲ್ಟಾ ಹೊಡೆಯುತ್ತದೆ. ಜೇನುತುಪ್ಪ, ಹಣ್ಣಿನ ರಸ, ಗ್ಲೂಕೋಸ್ ಪುಡಿ ಹಾಕಿದ ಪಾನೀಯ ಇವುಗಳಲ್ಲಿ ಆಗಲೇ ಬಿಡಿಯಾಗಿರುವ ಸಕ್ಕರೆ ಬೇಕಾದಷ್ಟಿರುತ್ತದೆ. ಕತ್ತರಿಸುವ ಕೆಲಸವೇ ಇಲ್ಲದ ಕಡೆ ಕತ್ತರಿಯನ್ನು ಹಿಡಿದಿಟ್ಟು ಏನು ಪ್ರಯೋಜನ? ಅದು ನೇರ ರಕ್ತಕ್ಕೆ ಹೋಗುತ್ತದೆ. ಹಾಲಿನ ಲ್ಯಾಕ್ಟೋಸ್ ಒಡೆಯುವ ಕಿಣ್ವವೂ ಬೇರೆ ಜಾತಿಯದು, ಅಕಾರ್ಬೋಸ್ ಅದರ ತಂಟೆಗೆ ಹೋಗುವುದಿಲ್ಲ. ಸಕ್ಕರೆ ಹಾಕಿ ಮಾಡಿದ ಸಿಹಿಯಾದರೋ ಸುಕ್ರೋಸ್ ನಿಧಾನವಾಗುತ್ತದೆ ನಿಜ, ಆದರೆ ಉಳಿದದ್ದೆಲ್ಲ ಕೆಳಗಿಳಿದು ನೀರು ಎಳೆದುಕೊಂಡು ಹೊಟ್ಟೆ ಉಬ್ಬರ, ಗುಡುಗುಡು, ಭೇದಿ ಶುರುವಾಗುತ್ತದೆ. ಜಾಸ್ತಿ ಸಿಹಿ ತಿಂದಷ್ಟೂ ಜಾಸ್ತಿ ಕಾಟ. ಸಿಹಿ ತಿನ್ನಲು ಪರವಾನಗಿ ಅಂತ ನೀವು ಅಂದುಕೊಂಡ ಮಾತ್ರೆ ಸಿಹಿ ತಿಂದದ್ದಕ್ಕೆ ದಂಡ ಹಾಕುತ್ತದೆ ಅನ್ನಿ.

ಇನ್ನೊಂದು ಸಂಗತಿ ಇದೆ. ಅಪರೂಪಕ್ಕೆ ನುಂಗಿದರೆ ಕರುಳಿಗೆ ಒಗ್ಗಿಕೊಳ್ಳಲು ಅವಕಾಶವೇ ಸಿಗುವುದಿಲ್ಲ. ದಿನಾ ತೆಗೆದುಕೊಂಡರೆ ಕೆಲವು ವಾರಗಳಲ್ಲಿ ಕರುಳಿನ ಕೆಳಭಾಗದಲ್ಲೂ ಈ ಕಿಣ್ವಗಳು ಹೆಚ್ಚುತ್ತವೆ, ಜೀರ್ಣವಾಗದೆ ಉಳಿಯುವುದು ಕಮ್ಮಿಯಾಗುತ್ತದೆ, ಗ್ಯಾಸ್ ಕೂಡ ಕಮ್ಮಿಯಾಗುತ್ತದೆ. ವಾರಕ್ಕೊಂದು ನುಂಗುವವರು ಪ್ರತಿ ಸಲವೂ ಮೊದಲ ದಿನದ ಗ್ಯಾಸನ್ನೇ ಅನುಭವಿಸುತ್ತಿರುತ್ತಾರೆ.

ನುಂಗುವ ಹೊತ್ತೂ ಮುಖ್ಯ. ಮೊದಲ ತುತ್ತಿನ ಜೊತೆಗೇ ಹೋಗಬೇಕು. ಯಾಕೆಂದರೆ ಊಟ ಕರುಳಿಗೆ ಬಂದಾಗ ಮಾತ್ರೆಯೂ ಅಲ್ಲೇ ಇರಬೇಕು. ಇದು ರಕ್ತಕ್ಕೆ ಸೇರಿ ಕೆಲಸ ಮಾಡುವ ಔಷಧಿ ಅಲ್ಲ, ಮಾತ್ರೆಯ ಶೇಕಡಾ 2ಕ್ಕಿಂತ ಕಮ್ಮಿ ಭಾಗವಷ್ಟೇ ಹಾಗೆಯೇ ರಕ್ತಕ್ಕೆ ಹೋಗುತ್ತದೆ. ಊಟ ಮುಗಿಸಿ ಕೈ ತೊಳೆದು ಒಂದು ಗಂಟೆಯಾದ ಮೇಲೆ ನೆನಪಾದರೆ ಆ ಸಲದ್ದು ಬಿಟ್ಟುಬಿಡಿ. ಮುಂದಿನ ಊಟಕ್ಕೆ ಎರಡು ಸೇರಿಸಿ ನುಂಗಬೇಡಿ.

ಈಗ ನಿಮ್ಮ ಅಣ್ಣನ ಮಾತ್ರೆ. ರೆಪಾಗ್ಲಿನೈಡ್, ನಾಟೆಗ್ಲಿನೈಡ್ ಇವು ಮೆಗ್ಲಿಟಿನೈಡ್ ಗುಂಪಿನವು. ಇವಕ್ಕೂ ಕರುಳಿಗೂ ಸಂಬಂಧವಿಲ್ಲ. ಇವು ಮೇದೋಜೀರಕದ ಬೀಟಾ ಕೋಶಗಳ ಪೊಟ್ಯಾಸಿಯಂ ಬಾಗಿಲನ್ನು ಮುಚ್ಚಿ ಇನ್ಸುಲಿನ್ ಹೊರಬರುವಂತೆ ಮಾಡುತ್ತವೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗಳು ಮಾಡುವುದೂ ಇದನ್ನೇ. ವ್ಯತ್ಯಾಸ ಇರುವುದು ಎಷ್ಟು ಹೊತ್ತು ಅನ್ನುವುದರಲ್ಲಿ. ರೆಪಾಗ್ಲಿನೈಡ್ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಸುಮಾರು ಒಂದು ಗಂಟೆಯಲ್ಲಿ ರಕ್ತದಲ್ಲಿರುವುದು ಅರ್ಧಕ್ಕೆ ಬರುತ್ತದೆ. ಊಟಕ್ಕೆ ಹದಿನೈದು ನಿಮಿಷ ಮುಂಚೆ ನುಂಗಿದರೆ ಆ ಊಟದ ಏರಿಕೆಗೆ ಸರಿಯಾಗಿ ಇನ್ಸುಲಿನ್ ಸಿಗುತ್ತದೆ. ನಿಯಮ ಸರಳ: ಊಟ ಇಲ್ಲವೆಂದರೆ ಮಾತ್ರೆಯೂ ಇಲ್ಲ. ನುಂಗಿ ಊಟ ಬಿಟ್ಟರೆ ಸಕ್ಕರೆ ಇಳಿದು ಬೆವರು, ನಡುಕ ಶುರುವಾಗುತ್ತದೆ. ಬರೀ ಅಕಾರ್ಬೋಸ್ ನುಂಗುವವರಿಗೆ ಈ ಭಯ ಇಲ್ಲ.

ಹಾಗಾದರೆ ಯಾರಿಗೆ ಯಾವುದು? ನಿಮ್ಮ ಅಂಕಿಗಳನ್ನೇ ನೋಡೋಣ. ಬರಿಹೊಟ್ಟೆ 115, ಊಟದ ನಂತರ 220. ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.3 ಇದೆ ಅಂದುಕೊಳ್ಳಿ. ರಾತ್ರಿಯೆಲ್ಲಾ ಯಕೃತ್ತು ಬಿಡುವ ಸಕ್ಕರೆ ಹೆಚ್ಚುಕಮ್ಮಿ ಹಿಡಿತದಲ್ಲಿದೆ, ತೊಂದರೆ ಇರುವುದು ಊಟದ ಏರಿಕೆಯಲ್ಲಿ. ಊಟದಲ್ಲಿ ಪಿಷ್ಟವೇ ಜಾಸ್ತಿ ಇದ್ದರೆ ಅಕಾರ್ಬೋಸ್‌ಗೆ ನೀವು ಹೇಳಿ ಮಾಡಿಸಿದ ರೋಗಿ. ಸಾಮಾನ್ಯವಾಗಿ 25 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ, ಎಷ್ಟೋ ಸಲ ದಿನದ ದೊಡ್ಡ ಊಟಕ್ಕೆ ಮಾತ್ರ. ಹೊಟ್ಟೆ ತಡೆದುಕೊಂಡರೆ ಎರಡನೇ, ಮೂರನೇ ಊಟಕ್ಕೆ ಸೇರಿಸುತ್ತಾರೆ, ಆಮೇಲೆ ನಿಧಾನಕ್ಕೆ 50ಕ್ಕೆ ಏರಿಸುತ್ತಾರೆ. ತೂಕ 60 ಕಿಲೋ ಒಳಗಿದ್ದರೆ ಊಟಕ್ಕೆ 50 ದಾಟುವುದಿಲ್ಲ, ಮೇಲಿದ್ದರೆ 100ರವರೆಗೆ ಹೋಗಬಹುದು. ಮೊದಲ ದಿನವೇ 50ರಂತೆ ಮೂರು ಹೊತ್ತು ಶುರು ಮಾಡಿದವರೇ "ಈ ಮಾತ್ರೆ ನನಗೆ ಆಗಲ್ಲ" ಅಂತ ವಾರದೊಳಗೆ ಬಿಡುವವರಲ್ಲಿ ಜಾಸ್ತಿ.

ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಬರಿಹೊಟ್ಟೆಯ ಸಕ್ಕರೆ ನೋಡುತ್ತಾ ಕೂರಬೇಡಿ, ಅದು ಅಷ್ಟೇನೂ ಬದಲಾಗುವುದಿಲ್ಲ. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎಣಿಸಿ ಎರಡು ಗಂಟೆಗೆ ಒಮ್ಮೆ ನೋಡಿ. ಮೊದಲು 115ರಿಂದ 220ಕ್ಕೆ ಹೋಗುತ್ತಿದ್ದದ್ದು ಅದೇ ಊಟಕ್ಕೆ 170ರ ಹತ್ತಿರ ನಿಂತರೆ ಮಾತ್ರೆ ತನ್ನ ಪಾಲಿನ ಕೆಲಸ ಮಾಡಿದೆ. ಎಚ್‌ಬಿಎ1ಸಿಯಲ್ಲಿ ಇದು ತರುವ ಇಳಿಕೆ 0.5ರಿಂದ 0.8ರಷ್ಟು. ಹಾಗಾಗಿ 7.3 ಇರುವವರಿಗೆ ಅರ್ಥವಿದೆ. 10 ಇರುವವರಿಗೆ ಇದೊಂದನ್ನೇ ಕೊಟ್ಟು ಕೂರುವುದರಲ್ಲಿ ಅರ್ಥವಿಲ್ಲ. ಕರುಳಿನ ಉರಿಯೂತದ ಕಾಯಿಲೆ, ಕರುಳು ಕಟ್ಟಿಕೊಳ್ಳುವ ತೊಂದರೆ, ಯಕೃತ್ತು ಗಟ್ಟಿಯಾಗುವ ಸಿರೋಸಿಸ್ ಇದ್ದವರು ಇದನ್ನು ಮುಟ್ಟಬಾರದು. ಮೂತ್ರಪಿಂಡ ತುಂಬಾ ಸೋತವರಿಗೂ ಕೊಡುವುದಿಲ್ಲ. ಡೋಸ್ ಜಾಸ್ತಿಯಾದಾಗ ಕೆಲವರಲ್ಲಿ ಯಕೃತ್ತಿನ ಕಿಣ್ವಗಳು ಏರುತ್ತವೆ, ಅದಕ್ಕೇ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಬರೆಯುತ್ತಾರೆ.

ರೆಪಾಗ್ಲಿನೈಡ್ ಹೊಂದುವುದು ಬೇರೆ ಥರದ ಜನಕ್ಕೆ. ಊಟದ ಹೊತ್ತಿಗೆ ಗೊತ್ತುಗುರಿ ಇಲ್ಲದವರು, ಒಂದು ದಿನ ಎರಡು ಊಟ, ಇನ್ನೊಂದು ದಿನ ನಾಲ್ಕು ಅನ್ನುವವರು, ದಿನವಿಡೀ ಕೆಲಸ ಮಾಡುವ ಗ್ಲಿಮೆಪಿರೈಡ್ ನುಂಗಿ ಮಧ್ಯಾಹ್ನದ ಊಟ ತಡವಾದಾಗಲೆಲ್ಲಾ ಸುಸ್ತಾಗಿ ಕೂರುವವರು. ಇದು ಹೊರಹೋಗುವುದು ಹೆಚ್ಚಾಗಿ ಪಿತ್ತರಸದ ಮೂಲಕ, ಹಾಗಾಗಿ ಮೂತ್ರಪಿಂಡ ಸ್ವಲ್ಪ ಸೋತವರಿಗೂ 0.5 ಮಿಲಿಗ್ರಾಂನಿಂದ ಶುರು ಮಾಡಿ ಜಾಗ್ರತೆಯಿಂದ ಕೊಡಬಹುದು. ತೂಕ ಸ್ವಲ್ಪ ಏರಬಹುದು. ಗ್ಲಿಮೆಪಿರೈಡ್ ಜೊತೆ ಇದನ್ನೂ ಸೇರಿಸುವುದರಲ್ಲಿ ಲಾಭವಿಲ್ಲ, ಎರಡೂ ಮುಚ್ಚುವುದು ಒಂದೇ ಬಾಗಿಲನ್ನು. ಟೈಪ್ 1ರವರಿಗೆ ಇದು ಸುಮ್ನೆ ದಂಡ, ಇನ್ಸುಲಿನ್ ಬಿಡು ಅಂತ ಹೇಳಲು ಅಲ್ಲಿ ಬೀಟಾ ಕೋಶಗಳೇ ಹೆಚ್ಚುಕಮ್ಮಿ ಉಳಿದಿರುವುದಿಲ್ಲ. ನಿಮ್ಮ ಅಣ್ಣ ಟ್ರೈಗ್ಲಿಸರೈಡ್‌ಗೆ ಜೆಮ್‌ಫೈಬ್ರೋಜಿಲ್ ಅಥವಾ ಹೃದಯಕ್ಕೆ ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಎರಡೂ ರೆಪಾಗ್ಲಿನೈಡ್ ಒಡೆಯುವುದನ್ನು ತಡೆದು ರಕ್ತದಲ್ಲಿ ಅದರ ಪ್ರಮಾಣ ಏರಿಸುತ್ತವೆ. ಜೆಮ್‌ಫೈಬ್ರೋಜಿಲ್ ಜೊತೆಗಂತೂ ಕೊಡಲೇಬಾರದು.

ಈಗ ನೀವು ಕೇಳದ ಒಂದು ಪ್ರಶ್ನೆ. ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕಾದದ್ದು ಇದನ್ನೇ. ಅಕಾರ್ಬೋಸ್ ಜೊತೆಗೆ ಇನ್ಸುಲಿನ್, ಗ್ಲಿಮೆಪಿರೈಡ್ ಅಥವಾ ರೆಪಾಗ್ಲಿನೈಡ್ ಕೂಡ ಇದ್ದು, ಒಂದು ದಿನ ಸಕ್ಕರೆ 60ಕ್ಕೆ ಇಳಿದರೆ ಏನು ತಿನ್ನಬೇಕು? ಎಲ್ಲರ ಕೈ ಹೋಗುವುದು ಸಕ್ಕರೆ ಡಬ್ಬಿಗೆ. ಆದರೆ ಸಕ್ಕರೆ ಅಂದರೆ ಸುಕ್ರೋಸ್, ಅದನ್ನು ಒಡೆಯುವ ಕಿಣ್ವವನ್ನೇ ಅಕಾರ್ಬೋಸ್ ಹಿಡಿದಿಟ್ಟಿದೆ. ತಿಂದದ್ದು ಕರುಳಲ್ಲೇ ಕಾಯುತ್ತಾ ಕೂರುತ್ತದೆ, ಇತ್ತ ನಿಮಗೆ ನಡುಕ ನಿಲ್ಲುವುದಿಲ್ಲ. ಬಿಸ್ಕತ್ತು, ಚಾಕೊಲೇಟ್ ಕಥೆಯೂ ಅದೇ. ಬೇಕಾಗಿರುವುದು ಶುದ್ಧ ಗ್ಲೂಕೋಸ್, ಪುಡಿಯೋ ಮಾತ್ರೆಯೋ, ಸುಮಾರು 15 ಗ್ರಾಂ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ, ಇನ್ನೂ 70ರ ಒಳಗಿದ್ದರೆ ಇನ್ನೊಮ್ಮೆ ಅಷ್ಟೇ. ಗ್ಲೂಕೋಸ್ ಸಿಗದಿದ್ದರೆ ಹಾಲು ಕುಡಿಯಬಹುದು, ನಿಧಾನವಾದರೂ ಅದರ ದಾರಿಗೆ ಅಡ್ಡಿಯಿಲ್ಲ. ಅಂಗಡಿಯಿಂದ ತರುವಾಗ ಪೊಟ್ಟಣದ ಹಿಂದೆ ಓದಿ: ಗ್ಲೂಕೋಸ್ ಅಥವಾ ಡೆಕ್ಸ್ಟ್ರೋಸ್ ಅಂತ ಇರಬೇಕು. ಎಷ್ಟೋ ಶಕ್ತಿವರ್ಧಕ ಪುಡಿಗಳಲ್ಲಿ ಸುಕ್ರೋಸೂ ಸೇರಿರುತ್ತದೆ. ಮನೆಯವರಿಗೂ ಒಂದು ಮಾತು ಹೇಳಿಟ್ಟಿರಿ: ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಆಗ ಬೇಕಾಗುವುದು ಗ್ಲುಕಗಾನ್ ಇಂಜೆಕ್ಷನ್ ಅಥವಾ ಆಸ್ಪತ್ರೆಯಲ್ಲಿ ನರಕ್ಕೆ ಕೊಡುವ ಗ್ಲೂಕೋಸ್.